ಒಟಿಪಿ ಗುರುತಿಸುವುದು ನಿಮ್ಮನ್ನು, ವೈಫೈಯನ್ನಲ್ಲ

ರೈಲು ನಿಲ್ದಾಣದ ಉಚಿತ ವೈಫೈ ಬಳಸುವುದು ಹೇಗೆಂದು ಈಗ ಬಹಳಷ್ಟು ಪ್ರಯಾಣಿಕರಿಗೆ ಗೊತ್ತು. ಮೊಬೈಲಿನ ವೈಫೈ ಪಟ್ಟಿಯಲ್ಲಿ RailWire ಎಂಬ ಹೆಸರನ್ನು ಒತ್ತಿದರೆ ಒಂದು ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಮೊಬೈಲ್ ನಂಬರ್ ಕೊಟ್ಟರೆ ಎಸ್ಸೆಮ್ಮೆಸ್‌ನಲ್ಲಿ ಒಟಿಪಿ ಬರುತ್ತದೆ. ಅದನ್ನು ತುಂಬಿದರೆ ಅರ್ಧ ಗಂಟೆ ಇಂಟರ್‌ನೆಟ್ ಪುಕ್ಕಟೆ. ವಿಮಾನ ನಿಲ್ದಾಣ, ಮಾಲ್, ಕಾಫಿ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಇದೇ ಕ್ರಮ. ಬ್ಯಾಂಕ್ ಕೂಡ ಒಟಿಪಿ ಕಳಿಸುತ್ತದೆ, ವೈಫೈಯವರೂ ಒಟಿಪಿ ಕಳಿಸುತ್ತಾರೆ. ಹಾಗಾದರೆ ಬ್ಯಾಂಕಿಗಿರುವ ಭದ್ರತೆ ಇದಕ್ಕೂ ಇದೆ ಎಂದು ಜನ ತಿಳಿದುಕೊಳ್ಳುತ್ತಾರೆ. ಒಟಿಪಿ ಕೇಳದ ವೈಫೈಗೆ ಸೇರಲು ಹಿಂಜರಿಯುವವರೂ ಒಟಿಪಿ ಕೇಳಿದ ಕೂಡಲೇ ನಿಶ್ಚಿಂತರಾಗಿ ಬ್ಯಾಂಕಿನ ಕೆಲಸಕ್ಕೆ ಕೈಹಾಕುತ್ತಾರೆ. ಈ ನಿಶ್ಚಿಂತೆಗೆ ಆಧಾರವಿಲ್ಲ ಎಂಬುದು ನನ್ನ ವಾದ. ಆ ಒಟಿಪಿಯ ಉದ್ದೇಶವೇ ಬೇರೆ. ಅಷ್ಟೇ ಅಲ್ಲ, ಹಣ ಕಳೆದುಕೊಳ್ಳುವ ಒಂದು ದಾರಿಯನ್ನು ಅದೇ ಸಲೀಸು ಮಾಡಿಕೊಡುತ್ತದೆ.

ಆ ಉದ್ದೇಶ ಏನೆಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿಸಂಸ್ಥೆಗಳಿಗೆ ಒಂದು ಬೆದರಿಕೆಯ ಇಮೇಲ್ ಬಂದಿತ್ತು. ತನಿಖೆ ನಡೆಸಿದಾಗ ಅದು ನವಿ ಮುಂಬೈನ ಒಂದು ಮನೆಯ, ಪಾಸ್‌ವರ್ಡ್ ಇಲ್ಲದ ವೈಫೈ ಮೂಲಕ ಹೋಗಿತ್ತೆಂದು ತಿಳಿಯಿತು. ಕಳಿಸಿದವರು ಯಾರೆಂದು ವೈಫೈ ಹೇಳುವಂತಿರಲಿಲ್ಲ. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ಹೊಸ ಸೂಚನೆ ಹೊರಡಿಸಿತು: ಸಾರ್ವಜನಿಕ ಸ್ಥಳದಲ್ಲಿ ವೈಫೈ ಕೊಡುವವರು ಬಳಕೆದಾರರ ಗುರುತಿನ ಚೀಟಿಯ ಪ್ರತಿಯನ್ನಾದರೂ ಪಡೆಯಬೇಕು, ಇಲ್ಲವೇ ಅವರ ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸಿ ನಂಬರನ್ನು ಖಚಿತಪಡಿಸಿಕೊಂಡು ದಾಖಲೆ ಇಟ್ಟುಕೊಳ್ಳಬೇಕು. ಇಂದು ನಾವು ತುಂಬುವ ಒಟಿಪಿ ಈ ನಿಯಮದ ಫಲ. ನಾಳೆ ಪೊಲೀಸರು ಬಂದು, ಇಂಥ ಹೊತ್ತಿನಲ್ಲಿ ಈ ವೈಫೈ ಬಳಸಿದವರು ಯಾರು ಎಂದು ಕೇಳಿದರೆ ಒಂದು ಫೋನ್ ನಂಬರ್ ತೋರಿಸಲು ಅದು ಬೇಕು.

ಲಾಡ್ಜಿನ ರಿಜಿಸ್ಟರ್ ಮಾಡುವ ಕೆಲಸವೂ ಇದೇ. ಹೆಸರು ಬರೆಸಿ, ಆಧಾರ್ ಪ್ರತಿ ಪಡೆದ ಮಾತ್ರಕ್ಕೆ ಕೋಣೆಯ ಚಿಲಕ ಗಟ್ಟಿ ಎಂದಾಗುವುದಿಲ್ಲ. ರಿಜಿಸ್ಟರ್ ಇರುವುದು ಬಂದವರ ಗುರುತಿಗಾಗಿ. ಬಂದವರ ಪೆಟ್ಟಿಗೆ ಕಾಯುವುದು ಅದರ ಹೊಣೆಯಲ್ಲ. ಬ್ಯಾಂಕಿನ ಕೆಲಸ ಮಾಡುವವರಿಗೆ ಬೇಕಾದ ಉತ್ತರಗಳು ಎರಡು. ನನ್ನ ಫೋನಿಗೂ ಗೋಡೆಯ ಮೇಲಿನ ವೈಫೈ ಪೆಟ್ಟಿಗೆಗೂ ನಡುವೆ ಗಾಳಿಯಲ್ಲಿ ಹೋಗುವ ಮಾಹಿತಿ ಗೂಢಲಿಪಿಯಲ್ಲಿ ಇದೆಯೇ? ಆ ಪೆಟ್ಟಿಗೆ ನಿಜಕ್ಕೂ ಅದರ ಹೆಸರು ಹೇಳುವ ಸಂಸ್ಥೆಯದೇ? ಒಟಿಪಿ ಈ ಎರಡಕ್ಕೂ ಉತ್ತರ ಕೊಡುವುದಿಲ್ಲ.

ಸೇರುವಾಗ ಒಳಗೆ ನಡೆಯುವುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸಾರ್ವಜನಿಕ ವೈಫೈ ಸಾಮಾನ್ಯವಾಗಿ ತೆರೆದ ಜಾಲ; ಪಟ್ಟಿಯಲ್ಲಿ ಅದರ ಹೆಸರಿನ ಪಕ್ಕ ಬೀಗದ ಗುರುತು ಇರುವುದಿಲ್ಲ. ನೀವು ಹೆಸರು ಒತ್ತಿದ ತಕ್ಷಣ, ಒಟಿಪಿಗೆ ಮೊದಲೇ, ಫೋನ್ ಆ ಜಾಲಕ್ಕೆ ಸೇರಿಬಿಟ್ಟಿರುತ್ತದೆ. ಇಂಟರ್‌ನೆಟ್ ಇದೆಯೇ ಎಂದು ನೋಡಲು ಆಂಡ್ರಾಯ್ಡ್ ಫೋನ್ `http://connectivitycheck.gstatic.com/generate_204` ಎಂಬ ವಿಳಾಸವನ್ನು ಕೇಳುತ್ತದೆ. ಅಲ್ಲಿಂದ ಬರಬೇಕಾದದ್ದು ಖಾಲಿ ಉತ್ತರ. ಅದರ ಬದಲು ಬೇರೆ ಪುಟ ಬಂದರೆ, ಇಲ್ಲಿ ಸೈನ್ ಇನ್ ಆಗಬೇಕು ಎಂದು ಫೋನ್ ಅರ್ಥ ಮಾಡಿಕೊಂಡು ಆ ಪುಟವನ್ನು ತೋರಿಸುತ್ತದೆ. ನೀವು ಒಟಿಪಿ ತುಂಬಿದ ಮೇಲೆ ವೈಫೈಯವರು ನಿಮ್ಮ ಫೋನಿನ ಗುರುತಿನ ಸಂಖ್ಯೆಯನ್ನು ತಮ್ಮ ಪಟ್ಟಿಗೆ ಸೇರಿಸಿ ಹೊರಗಿನ ದಾರಿ ಬಿಟ್ಟುಕೊಡುತ್ತಾರೆ. ಅಲ್ಲಿಗೆ ಒಟಿಪಿಯ ಕೆಲಸ ಮುಗಿಯಿತು. ಗಾಳಿಯಲ್ಲಿನ ಮಾಹಿತಿ ಮೊದಲು ಎಷ್ಟು ಬಯಲಾಗಿತ್ತೋ ನಂತರವೂ ಅಷ್ಟೇ ಬಯಲು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳೂ ಇದೆ. ವೈಫೈ ಬಯಲಾದರೇನು, ಬ್ಯಾಂಕಿನ ಆಪ್ ಮತ್ತು ವೆಬ್‌ಸೈಟು ತಮ್ಮ ಮಾಹಿತಿಯನ್ನು ತಾವೇ ಗೂಢಲಿಪಿಗೆ ಬದಲಿಸಿ ಕಳಿಸುತ್ತವಲ್ಲ? ನಿಜ. `https` ಎಂದು ಶುರುವಾಗುವ ವಿಳಾಸಗಳಲ್ಲಿ ಫೋನಿನಿಂದ ಬ್ಯಾಂಕಿನ ಸರ್ವರ್‌ವರೆಗೆ ಮಾಹಿತಿ ಮುಚ್ಚಿಕೊಂಡೇ ಹೋಗುತ್ತದೆ. ಈ ಕಾರಣಕ್ಕೇ ಸಾರ್ವಜನಿಕ ವೈಫೈ ಈಗ ಸಾಮಾನ್ಯವಾಗಿ ಸುರಕ್ಷಿತ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತನ್ನ ಹಳೆಯ ಸಲಹೆಯನ್ನು ಬದಲಿಸಿಕೊಂಡಿತು. ಪಕ್ಕದ ಬೆಂಚಿನಲ್ಲಿ ಕೂತವನು ನಿಮ್ಮ ಬ್ಯಾಂಕ್ ಪಾಸ್‌ವರ್ಡನ್ನು ಗಾಳಿಯಿಂದಲೇ ಹಿಡಿದು ಓದಿಬಿಡುತ್ತಾನೆ ಎಂದು ಈಗಲೂ ಹೆದರಿಸುವವರು ಹಳೆಯ ಕಾಲದ ಅಪಾಯವನ್ನು ಹೇಳುತ್ತಿದ್ದಾರೆ.

ಆದರೆ ಈ ಆಕ್ಷೇಪ ಒಂದು ಷರತ್ತನ್ನು ಮರೆಯುತ್ತದೆ. ಗೂಢಲಿಪಿ ರಕ್ಷಿಸುವುದು ನೀವು ನಿಜವಾಗಿಯೂ ಬ್ಯಾಂಕಿನ ಜೊತೆಗೇ ಮಾತಾಡುತ್ತಿದ್ದಾಗ. ಇಂದಿನ ಕಳ್ಳನಿಗೆ ಆ ಮಾತುಕತೆಯನ್ನು ಒಡೆದು ಕೇಳುವ ಅಗತ್ಯವಿಲ್ಲ. ತನ್ನದೇ ಪುಟವನ್ನು ಮುಂದಿಟ್ಟು ನಿಮ್ಮ ಕೈಯಿಂದಲೇ ಎಲ್ಲವನ್ನೂ ಬರೆಸಿಕೊಳ್ಳುತ್ತಾನೆ. ಇದಕ್ಕೆ ಬೇಕಾದದ್ದು ಬ್ಯಾಗಿನಲ್ಲಿ ಹಿಡಿಯುವ ಒಂದು ಸಣ್ಣ ಸಾಧನ ಮತ್ತು ಜನ ನಂಬುವ ಒಂದು ಹೆಸರು. ವೈಫೈ ಹೆಸರಿಗೆ ಒಡೆಯರಿಲ್ಲ. ಯಾರು ಬೇಕಾದರೂ ಯಾವ ಹೆಸರನ್ನು ಬೇಕಾದರೂ ಇಟ್ಟುಕೊಳ್ಳಬಹುದು. ಒಂದೇ ಹೆಸರಿನ ಎರಡು ತೆರೆದ ಜಾಲಗಳಿದ್ದರೆ ಫೋನಿನ ಪಟ್ಟಿಯಲ್ಲಿ ಅವು ಎರಡಾಗಿ ಕಾಣುವುದೂ ಇಲ್ಲ. ಒಂದೇ ಸಾಲಾಗಿ ಕಾಣುತ್ತವೆ, ಫೋನ್ ಹೆಚ್ಚಾಗಿ ಸಿಗ್ನಲ್ ಜೋರಾಗಿರುವುದಕ್ಕೆ ಸೇರಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಒಬ್ಬನ ಮೇಲೆ ಅಲ್ಲಿನ ಫೆಡರಲ್ ಪೊಲೀಸರು ಹಾಕಿದ ಮೊಕದ್ದಮೆ ಇಂಥದ್ದೇ. ಪರ್ತ್, ಮೆಲ್ಬರ್ನ್, ಅಡಿಲೇಡ್ ವಿಮಾನ ನಿಲ್ದಾಣಗಳಲ್ಲಿ ಮತ್ತು ವಿಮಾನದೊಳಗೂ ಅವನು ಅಸಲಿ ಹೆಸರಿನ ನಕಲಿ ವೈಫೈ ಹುಟ್ಟಿಸಿ, ಸೇರಲು ಬಂದವರಿಂದ ಇಮೇಲ್ ಮತ್ತು ಸಾಮಾಜಿಕ ಜಾಲತಾಣಗಳ ಲಾಗಿನ್ ವಿವರ ಬರೆಸಿಕೊಳ್ಳುತ್ತಿದ್ದ ಎಂಬುದು ಆರೋಪವಾಗಿತ್ತು. ವಿಮಾನ ಸಂಸ್ಥೆಯ ಸಿಬ್ಬಂದಿ ಹಾರಾಟದ ನಡುವೆ ಅನುಮಾನಾಸ್ಪದ ವೈಫೈ ಕಂಡು ದೂರು ಕೊಟ್ಟಿದ್ದರಿಂದ ಪ್ರಕರಣ ಹೊರಬಿತ್ತು.

ಹಾಗಾದರೆ ನಕಲಿ ವೈಫೈ ಅಸಲಿ ಒಟಿಪಿಯನ್ನು ಹೇಗೆ ಕಳಿಸೀತು, ಒಟಿಪಿ ಬಂತೆಂದರೆ ಅಸಲಿ ಎಂದೇ ಅಲ್ಲವೇ ಎಂದು ಕೇಳಬಹುದು. ಇದನ್ನು ಒಂದು ಕಲ್ಪಿತ ಪ್ರಸಂಗದಲ್ಲಿ ಹಂತಹಂತವಾಗಿ ನೋಡೋಣ. ಹುಬ್ಬಳ್ಳಿ ನಿಲ್ದಾಣದಲ್ಲಿ ಒಬ್ಬ ವಿದ್ಯಾರ್ಥಿನಿ ವಿಜಯಪುರದ ರೈಲಿಗೆ ಕಾಯುತ್ತಿದ್ದಾಳೆ ಎಂದುಕೊಳ್ಳಿ. ಸ್ವಲ್ಪ ದೂರದಲ್ಲಿ ಕೂತವನ ಬ್ಯಾಗಿನಿಂದ RailWire ಹೆಸರಿನ ನಕಲಿ ವೈಫೈ ಹೊರಡುತ್ತಿದೆ. ಅವಳ ಫೋನ್ ಅದಕ್ಕೆ ಸೇರುತ್ತದೆ. ಪರಿಚಿತ ಪುಟದ ಹಾಗೇ ಇರುವ ಪುಟ ಬರುತ್ತದೆ. ಅವಳು ನಂಬರ್ ಕೊಡುತ್ತಾಳೆ. ಅವನ ಸಾಧನ ಆ ನಂಬರನ್ನು ತೆಗೆದುಕೊಂಡು ನಿಲ್ದಾಣದ ಅಸಲಿ ವೈಫೈಯ ಪುಟದಲ್ಲಿ ತುಂಬುತ್ತದೆ. ಅಸಲಿ ವ್ಯವಸ್ಥೆ ಅವಳ ಫೋನಿಗೆ ಅಸಲಿ ಒಟಿಪಿಯನ್ನೇ ಕಳಿಸುತ್ತದೆ. ಅದನ್ನು ಅವಳು ನಕಲಿ ಪುಟದಲ್ಲಿ ತುಂಬುತ್ತಾಳೆ, ಸಾಧನ ಅದನ್ನು ಅಸಲಿ ಪುಟಕ್ಕೆ ದಾಟಿಸುತ್ತದೆ. ಇಂಟರ್‌ನೆಟ್ ಶುರುವಾಗುತ್ತದೆ. ಎಸ್ಸೆಮ್ಮೆಸ್ ಬಂದದ್ದು ಸರಿಯಾದ ಕಡೆಯಿಂದ, ಇಂಟರ್‌ನೆಟ್ ನಡೆಯುತ್ತಿದೆ, ಅನುಮಾನಪಡಲು ಏನೂ ಇಲ್ಲ. ಆದರೂ ಅವಳ ಇಂಟರ್‌ನೆಟ್ ಹರಿಯುತ್ತಿರುವುದು ಅವನ ಬ್ಯಾಗಿನ ಮೂಲಕ. ಒಟಿಪಿ ಬಂತು ಎಂಬುದು ವೈಫೈ ಅಸಲಿ ಎಂಬುದಕ್ಕೆ ಸಾಕ್ಷಿಯಾಗಲಾರದು.

ಮುಂದಿನ ಹೆಜ್ಜೆಯಲ್ಲಿ ಹಣ ಹೋಗುತ್ತದೆ. ಅರ್ಧ ಗಂಟೆಯ ನಂತರ, ಅಥವಾ ಐದೇ ನಿಮಿಷಕ್ಕೆ, ಉಚಿತ ಅವಧಿ ಮುಗಿಯಿತು, ಮುಂದುವರಿಸಲು ₹10 ಪ್ಯಾಕ್ ಕೊಳ್ಳಿ ಎಂಬ ಪುಟ ಬರುತ್ತದೆ. ಇದರಲ್ಲೂ ಅಸಹಜವಾದದ್ದಿಲ್ಲ, ಯಾಕೆಂದರೆ RailWire ನಡೆಸುವ ರೈಲ್‌ಟೆಲ್ 2021ರಿಂದ ನಿಲ್ದಾಣಗಳಲ್ಲಿ ಹತ್ತು ರೂಪಾಯಿಯಿಂದ ಶುರುವಾಗುವ ಪ್ಯಾಕ್‌ಗಳನ್ನು ನಿಜಕ್ಕೂ ಮಾರುತ್ತಿದೆ. ಅವಳು ಡೆಬಿಟ್ ಕಾರ್ಡಿನ ನಂಬರ್, ಅವಧಿ, ಹಿಂಬದಿಯ ಮೂರು ಅಂಕಿ ತುಂಬುತ್ತಾಳೆ. ಆ ಕ್ಷಣದಲ್ಲೇ ಇನ್ನೊಂದು ಕಡೆ ಯಾವುದೋ ಶಾಪಿಂಗ್ ಸೈಟಿನಲ್ಲಿ ಅದೇ ವಿವರಗಳನ್ನು ಹಾಕಿ ₹48,500ರ ಖರೀದಿಗೆ ಒತ್ತಲಾಗುತ್ತದೆ. ಬ್ಯಾಂಕ್ ನಿಯಮದಂತೆ ಅವಳ ಫೋನಿಗೆ ಒಟಿಪಿ ಕಳಿಸುತ್ತದೆ. ಎಸ್ಸೆಮ್ಮೆಸ್‌ನಲ್ಲಿ ಮೊತ್ತ ಬರೆದಿದೆ, ಅಂಗಡಿಯ ಹೆಸರಿದೆ, ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆಯೂ ಇದೆ. ಆದರೆ ಫೋನಿನ ಮೇಲ್ತುದಿಯಲ್ಲಿ ಸಂದೇಶದ ಒಂದು ತುಣುಕಷ್ಟೇ ಇಣುಕುತ್ತದೆ, ಕೆಳಗೆ ಆರು ಅಂಕಿಗಳನ್ನು ಕಾಪಿ ಮಾಡುವ ಗುಂಡಿ ಇದೆ. ಹತ್ತು ರೂಪಾಯಿಯ ಒಟಿಪಿಗಾಗಿ ಕಾಯುತ್ತಿದ್ದವಳು ಗುಂಡಿ ಒತ್ತಿ, ಕಾದು ನಿಂತಿರುವ ಪುಟದಲ್ಲಿ ಅಂಟಿಸುತ್ತಾಳೆ. ಕೆಲವೇ ಸೆಕೆಂಡುಗಳಲ್ಲಿ ಖರೀದಿ ಮುಗಿಯುತ್ತದೆ.

ಈ ಪ್ರಸಂಗದಲ್ಲಿ ಯಾರೂ ಗೂಢಲಿಪಿ ಒಡೆಯಲಿಲ್ಲ, ಬ್ಯಾಂಕಿನ ಸರ್ವರಿಗೆ ನುಗ್ಗಲಿಲ್ಲ, ಫೋನಿಗೆ ವೈರಸ್ ಹಾಕಲಿಲ್ಲ. ಎಲ್ಲ ಭದ್ರತೆಯೂ ತನ್ನ ಕೆಲಸ ಮಾಡಿತು. ಸಾರ್ವಜನಿಕ ವೈಫೈ ಒಟಿಪಿ ಕೇಳಿ ಕೇಳಿ, ಅಪರಿಚಿತ ಪುಟದಲ್ಲಿ ಓದದೆ ಆರು ಅಂಕಿ ತುಂಬುವ ರೂಢಿಯನ್ನು ನಮಗೆ ಮಾಡಿಸಿಬಿಟ್ಟಿದೆ. ಬ್ಯಾಂಕುಗಳು ಒಂದು ಕಡೆ ಒಟಿಪಿಯನ್ನು ಯಾರಿಗೂ ಕೊಡಬೇಡಿ ಎನ್ನುತ್ತವೆ. ಇನ್ನೊಂದು ಕಡೆ ಅಂಗಡಿ, ಮಾಲ್, ನಿಲ್ದಾಣ ಎಲ್ಲವೂ ದಿನಬೆಳಗಾದರೆ ಒಟಿಪಿ ಕೊಡಿ ಎನ್ನುತ್ತವೆ. ಈ ಎರಡರ ನಡುವೆ ಸಿಕ್ಕಿಕೊಂಡವರನ್ನು ಅಜಾಗರೂಕರೆಂದು ಬೈಯುವುದು ಸುಲಭ, ಆದರೆ ನ್ಯಾಯವಲ್ಲ.

ನಷ್ಟದ ಲೆಕ್ಕ ಬಂದಾಗ ಮಾತ್ರ ನಿಯಮ ಗ್ರಾಹಕರ ಕಡೆಗೇ ಬೆರಳು ತೋರಿಸುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ಮೂರನೆಯ ಕಡೆಯ ಲೋಪದಿಂದ ಹಣ ಹೋದರೆ, ಬ್ಯಾಂಕಿನ ಮಾಹಿತಿ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಆದರೆ ಗ್ರಾಹಕರೇ ಗುಟ್ಟಿನ ವಿವರಗಳನ್ನು ಬೇರೆಯವರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ. ಒಟಿಪಿಯನ್ನು ಸ್ವತಃ ತುಂಬಿದ ವಿದ್ಯಾರ್ಥಿನಿಯನ್ನು ಬ್ಯಾಂಕ್ ಈ ಎರಡನೆಯ ಸಾಲಿನಲ್ಲಿ ನಿಲ್ಲಿಸುವ ಸಂಭವವೇ ಹೆಚ್ಚು. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು ಎಂಬುದೊಂದೇ ಇಲ್ಲಿನ ಆಸರೆ. ಆದ್ದರಿಂದ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಉತ್ತರ ಆ ಎಸ್ಸೆಮ್ಮೆಸ್‌ನಲ್ಲೇ ಇದೆ. ಒಟಿಪಿ ನಿಮಗೆ ತಲುಪಿದ್ದು ವೈಫೈ ಮೂಲಕವಲ್ಲ, ಮೊಬೈಲ್ ಸಿಗ್ನಲ್ ಮೂಲಕ. ಅಂದರೆ ಒಟಿಪಿ ಬರುವ ಜಾಗದಲ್ಲಿ ಸಾಮಾನ್ಯವಾಗಿ ಮೊಬೈಲ್ ಡೇಟಾವೂ ಸಿಗುತ್ತದೆ. ಬ್ಯಾಂಕಿನ ಕೆಲಸಕ್ಕೆ ಅದನ್ನೇ ಬಳಸಬೇಕು. ಇದು ಬರೀ ರೂಢಿಯ ಸಲಹೆಯಲ್ಲ, ಕಾರಣವಿದೆ. ಸಿಮ್ ಕಾರ್ಡಿನೊಳಗೆ ಒಂದು ಗುಟ್ಟಿನ ಕೀಲಿ ಇರುತ್ತದೆ. ಅದರ ಜೋಡಿ ನಿಮ್ಮ ಮೊಬೈಲ್ ಕಂಪನಿಯ ಬಳಿ ಇರುತ್ತದೆ. 4ಜಿ, 5ಜಿ ಜಾಲಗಳಲ್ಲಿ ಸಿಮ್ ತಾನಾರೆಂದು ಜಾಲಕ್ಕೆ ಸಾಬೀತು ಮಾಡುವ ಹಾಗೇ ಜಾಲವೂ ತಾನು ಅಸಲಿ ಎಂದು ಸಿಮ್‌ಗೆ ಸಾಬೀತು ಮಾಡಬೇಕು. ತೆರೆದ ವೈಫೈಯಲ್ಲಿ ಇಲ್ಲದಿರುವುದು ಈ ಎರಡನೆಯ ಭಾಗ. ಹಳೆಯ 2ಜಿ ಜಾಲದಲ್ಲಿ ಅದು ಇರಲಿಲ್ಲ. ಆದ್ದರಿಂದ ಸಿಗ್ನಲ್ ಪಕ್ಕ ಇ ಅಥವಾ ಜಿ ಅಕ್ಷರ ಕಂಡರೆ 4ಜಿ ಬರುವವರೆಗೆ ಕಾಯುವುದು ಒಳ್ಳೆಯದು. ಬ್ಯಾಲೆನ್ಸ್ ನೋಡಲು, ಹಣ ಕಳಿಸಲು ಆಗುವ ಡೇಟಾ ಖರ್ಚು ಒಂದು ಸಣ್ಣ ವೀಡಿಯೊ ನೋಡುವಷ್ಟೂ ಇಲ್ಲ.

ವೈಫೈ ಚಾಲೂ ಇದ್ದರೆ ಫೋನ್ ಸಾಮಾನ್ಯವಾಗಿ ಅದನ್ನೇ ಬಳಸುತ್ತದೆ, ಮೊಬೈಲ್ ಡೇಟಾ ಇದ್ದೂ ಇಲ್ಲದಂತಾಗುತ್ತದೆ. ಅದಕ್ಕೇ ಬ್ಯಾಂಕಿನ ಆಪ್ ಅಥವಾ ಯುಪಿಐ ತೆರೆಯುವ ಮೊದಲು ವೈಫೈ ಆರಿಸಬೇಕು. ಲ್ಯಾಪ್‌ಟಾಪಿನಲ್ಲಿ ಕೆಲಸವಿದ್ದರೆ ನಿಮ್ಮದೇ ಫೋನಿನ ಹಾಟ್‌ಸ್ಪಾಟನ್ನು ಉದ್ದನೆಯ ಪಾಸ್‌ವರ್ಡ್ ಹಾಕಿ ಬಳಸಬಹುದು. ನಿಲ್ದಾಣ ಬಿಡುವಾಗ ಫೋನಿನ ವೈಫೈ ಪಟ್ಟಿಯಿಂದ ಆ ಹೆಸರನ್ನು ಅಳಿಸಿಹಾಕಿ; ಇಲ್ಲದಿದ್ದರೆ ಬೇರೆ ಊರಿನಲ್ಲಿ ಅದೇ ಹೆಸರಿನ ನಕಲಿ ಎದುರಾದಾಗ ಫೋನ್ ನಿಮ್ಮನ್ನು ಕೇಳದೆಯೇ ಸೇರಿಕೊಂಡೀತು.

ಎರಡನೆಯ ಅಭ್ಯಾಸ ಒಟಿಪಿಗೆ ಸಂಬಂಧಿಸಿದ್ದು. ಕಾಪಿ ಗುಂಡಿಯನ್ನು ಬಿಟ್ಟು ಎಸ್ಸೆಮ್ಮೆಸ್ ತೆರೆದು ಪೂರ್ತಿ ಓದಬೇಕು. ಕಳಿಸಿದವರು ಯಾರು, ಯಾವ ಕೆಲಸಕ್ಕೆ, ಎಷ್ಟು ಮೊತ್ತ ಎಂಬ ಮೂರೂ ನೀವು ಮಾಡುತ್ತಿರುವ ಕೆಲಸಕ್ಕೆ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿಸಬೇಕು. ವೈಫೈ ಒಟಿಪಿ ಕಾಯುತ್ತಿದ್ದಾಗ ಬ್ಯಾಂಕಿನ ಹೆಸರಿನಲ್ಲಿ ಸಂದೇಶ ಬಂದರೆ ಅದೇ ಮೋಸದ ಗುರುತು. ಮಾಡಿದ ಕೆಲಸ ಬೇರೆ, ಬಂದ ಎಸ್ಸೆಮ್ಮೆಸ್ ಹೇಳುವುದು ಬೇರೆ ಎಂಬ ಈ ವ್ಯತ್ಯಾಸವನ್ನು ಕಳ್ಳ ಅಳಿಸಲಾರ, ಯಾಕೆಂದರೆ ಆ ಎಸ್ಸೆಮ್ಮೆಸ್ ಬರೆಯುವವರು ಬ್ಯಾಂಕಿನವರು.

ಮೂರನೆಯದು, ವೈಫೈಗೆ ಸೇರುವ ಪುಟದಲ್ಲಿ ಮೊಬೈಲ್ ನಂಬರ್ ಮತ್ತು ಅದೇ ವೈಫೈಯ ಒಟಿಪಿ ಬಿಟ್ಟು ಬೇರೇನನ್ನೂ ಬರೆಯಬಾರದು. ಕಾರ್ಡ್ ವಿವರ, ಇಮೇಲ್ ಪಾಸ್‌ವರ್ಡ್ ಕೇಳಿದರೆ, ಆಪ್ ಅಥವಾ ಸರ್ಟಿಫಿಕೇಟ್ ಇಳಿಸಿಕೊಳ್ಳಿ ಎಂದರೆ ಹೊರಬರಬೇಕು. ಪ್ಯಾಕ್ ಬೇಕೇ ಬೇಕೆಂದರೆ ಮನೆಯಲ್ಲಿದ್ದಾಗಲೋ ಮೊಬೈಲ್ ಡೇಟಾದಲ್ಲೋ ಕೊಳ್ಳಬಹುದು. ಬ್ರೌಸರ್ ಸರ್ಟಿಫಿಕೇಟ್ ಸರಿಯಿಲ್ಲ ಎಂದು ಎಚ್ಚರಿಸಿದರೆ ಅದನ್ನು ದಾಟಿ ಮುಂದೆ ಹೋಗಬಾರದು. ವಿಳಾಸದ ಪಕ್ಕದ ಬೀಗದ ಚಿತ್ರವನ್ನೇ ನಂಬುವುದೂ ಸಾಲದು. ನಕಲಿ ಹೆಸರಿನ ಸೈಟಿಗೂ ಬೀಗ ಸಿಗುತ್ತದೆ. ನೋಡಬೇಕಾದದ್ದು ವಿಳಾಸದ ಕೊನೆಯನ್ನು. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ತಮಗೆಂದೇ ಮೀಸಲಾದ `.bank.in` ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದು ಈ ಕಾರಣಕ್ಕೆ. ಜೊತೆಗೆ, ಬ್ಯಾಂಕಿನ ಆಪ್‌ನಲ್ಲಿ ಕಾರ್ಡಿನ ಆನ್‌ಲೈನ್ ಬಳಕೆಯನ್ನು ಆಫ್ ಮಾಡಿಟ್ಟು, ಬೇಕಾದಾಗ ಮಾತ್ರ ಆನ್ ಮಾಡುವ ಸೌಲಭ್ಯವಿದೆ. ಹಾಗೆ ಆಫ್ ಮಾಡಿಟ್ಟ ಕಾರ್ಡಿನಿಂದ ಆ ₹48,500 ಹೋಗುತ್ತಲೇ ಇರಲಿಲ್ಲ. ₹2,000 ಮಿತಿ ಹಾಕಿಟ್ಟಿದ್ದರೂ ಹೋಗುತ್ತಿರಲಿಲ್ಲ.

ವಿಪಿಎನ್ ಬಳಸಿದರೆ ಸಾಲದೇ ಎನ್ನುವವರಿದ್ದಾರೆ. ಸೇರಿದ ನಂತರದ ದಾರಿಯನ್ನು ಅದು ಮುಚ್ಚುತ್ತದೆ, ನಿಜ. ಆದರೆ ವೈಫೈ ಪುಟದಲ್ಲಿ ಒಟಿಪಿ ತುಂಬುವವರೆಗೆ ವಿಪಿಎನ್ ಸಂಪರ್ಕವೇ ಸಿಗುವುದಿಲ್ಲ, ಮೋಸ ನಡೆಯುವುದೂ ಆ ಪುಟದಲ್ಲೇ. ವಿದೇಶಕ್ಕೆ ಹೋಗುವ, ಅಲ್ಲೇ ನೆಲೆಸಿರುವ ಕನ್ನಡಿಗರ ಕಷ್ಟ ಬೇರೆ. ಬ್ಯಾಂಕ್ ಒಟಿಪಿಗೆಂದು ಊರಿನ ಸಿಮ್ ಇಟ್ಟುಕೊಂಡಿರುತ್ತಾರೆ, ಅದರಲ್ಲಿ ಎಸ್ಸೆಮ್ಮೆಸ್ ಬರುತ್ತದೆ, ಡೇಟಾ ದುಬಾರಿಯೆಂದು ಆಫ್ ಮಾಡಿರುತ್ತಾರೆ. ಅಂಥವರು ಅಲ್ಲಿನ ಸಿಮ್ ಅಥವಾ ಇ-ಸಿಮ್ ಡೇಟಾ ಸಿಗುವವರೆಗೆ ಕಾಯುವುದು ಲೇಸು. ಕಾಯಲಾಗದಿದ್ದರೆ ಊರಿನಲ್ಲೇ ಇನ್‌ಸ್ಟಾಲ್ ಮಾಡಿಕೊಂಡ ಬ್ಯಾಂಕ್ ಆಪನ್ನು ಮಾತ್ರ ಬಳಸಬೇಕು; ವೈಫೈ ಪುಟದಿಂದ ತೆರೆದುಕೊಳ್ಳುವ ಯಾವ ಕೊಂಡಿಯನ್ನೂ ಒತ್ತಬಾರದು.

ಎಲ್ಲ ಎಚ್ಚರದ ನಡುವೆಯೂ ಹಣ ಹೋದರೆ ಮೊದಲು ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಆಪ್ ತೆರೆದು ಕಾರ್ಡ್ ಬ್ಲಾಕ್ ಮಾಡಿ. ಬ್ಯಾಂಕಿಗೆ ತಿಳಿಸಿ ದೂರಿನ ನಂಬರ್ ಪಡೆಯಿರಿ. ತಕ್ಷಣ 1930ಕ್ಕೆ ಕರೆ ಮಾಡಿ, ಇಲ್ಲವೇ `cybercrime.gov.in`ನಲ್ಲಿ ದಾಖಲಿಸಿ. ಹಣ ಇನ್ನೊಂದು ಖಾತೆಯಲ್ಲೋ ವ್ಯಾಪಾರಿಯ ಬಳಿಯಲ್ಲೋ ಇರುವಾಗಲೇ ತಡೆಹಿಡಿಯುವುದು ಈ ವ್ಯವಸ್ಥೆಯ ಉದ್ದೇಶ. ತಡವಾದಷ್ಟೂ ಹಣ ಕೈಗೆ ಸಿಗುವ ಸಾಧ್ಯತೆ ಕಡಿಮೆ.

ಎಲ್ಲ ಎಚ್ಚರವನ್ನೂ ಬಳಕೆದಾರರ ತಲೆಗೇ ಕಟ್ಟುವುದು ಮಾತ್ರ ಸರಿಯಲ್ಲ. ನಿಲ್ದಾಣದ ಉಚಿತ ವೈಫೈಯನ್ನು ಹೆಚ್ಚು ನೆಚ್ಚಿಕೊಳ್ಳುವವರು ತಿಂಗಳ ರೀಚಾರ್ಜಿಗೂ ಲೆಕ್ಕ ಹಾಕಬೇಕಾದವರು. ಬಳಸಬೇಡಿ ಎನ್ನುವುದು ಅವರ ಪಾಲಿಗೆ ಪರಿಹಾರವಲ್ಲ. ತಂತ್ರಜ್ಞಾನದಲ್ಲಿ ಪರಿಹಾರ ಆಗಲೇ ಇದೆ: ಪಾಸ್‌ವರ್ಡ್ ಇಲ್ಲದೆಯೂ ಗಾಳಿಯ ಮಾಹಿತಿಯನ್ನು ಮುಚ್ಚುವ ಎನ್‌ಹಾನ್ಸ್ಡ್ ಓಪನ್ 2018ರಿಂದ ಲಭ್ಯ, ಅದಕ್ಕಿಂತ ಮುಂದೆ ಹೋಗಿ ವೈಫೈಯೇ ತನ್ನ ಅಸಲಿತನವನ್ನು ಫೋನಿಗೆ ಸಾಬೀತು ಮಾಡುವ ಪಾಸ್‌ಪಾಯಿಂಟ್ ಕೂಡ ಇದೆ. ಮೊದಲನೆಯದು ನಕಲಿಯನ್ನು ತಡೆಯುವುದಿಲ್ಲ, ಎರಡನೆಯದು ಸರಿಯಾಗಿ ಅಳವಡಿಸಿದರೆ ತಡೆಯುತ್ತದೆ. ಬಳಸುವವರು ಯಾರೆಂದು ಕೇಳಲು 2009ರಲ್ಲೇ ನಿಯಮ ಮಾಡಿದ ಸರ್ಕಾರ, ವೈಫೈ ಯಾರದೆಂದು ಬಳಸುವವರಿಗೆ ಗೊತ್ತಾಗುವ ಹಾಗೆ ಮಾಡುವುದನ್ನೂ ಕಡ್ಡಾಯಗೊಳಿಸಬೇಕು. ಪ್ರಯಾಣಿಕರ ನಂಬರ್ ಪಡೆಯುವ ಹಕ್ಕು ಸಂಸ್ಥೆಗಿದ್ದರೆ, ತನ್ನ ಗುರುತನ್ನು ಪ್ರಯಾಣಿಕರಿಗೆ ತೋರಿಸುವ ಹೊಣೆಯೂ ಅದಕ್ಕಿರಬೇಕು. ಆ ದಿನ ಬರುವವರೆಗೆ ಸಾರ್ವಜನಿಕ ವೈಫೈ ಓದಲು, ನೋಡಲು, ಹರಟಲು ಇರಲಿ. ಹಣದ ಕೆಲಸ ನಿಮ್ಮ ಸಿಮ್ಮಿನ ಡೇಟಾದಲ್ಲೇ ನಡೆಯಲಿ.